ಸ್ನಾನಕ್ಕೆ ಬಂದ ದೇವರುಗಳು

ಮಿಯಾಝಾಕಿಯವರ ಜಪಾನಿ ಅನಿಮೇಶನ್ ಚಿತ್ರ 'ಸ್ಪಿರಿಟೆಡ್ ಅವೇ' ನೋಡಿ ಮುಗಿಸಿದವರು ಹೆಚ್ಚಾಗಿ ಕೇಳುವುದು ಇದನ್ನೇ: "ಆ ದೆವ್ವಗಳಿಗೆಲ್ಲ ಸ್ನಾನ ಯಾಕೆ?" ಪ್ರಶ್ನೆ ಸರಿಯಾಗಿದೆ, ದೆವ್ವ ಅನ್ನೋ ಪದವಷ್ಟೇ ತಪ್ಪು. ಅದು ನೋಡಿದವರ ತಪ್ಪೂ ಅಲ್ಲ. ಇಂಗ್ಲಿಷ್ ಮಾತುಗಳಲ್ಲಿ ಎಲ್ಲರೂ 'ಸ್ಪಿರಿಟ್'ಗಳೇ: ಮೂಲಂಗಿಯ ಸ್ಪಿರಿಟ್, ನದಿಯ ಸ್ಪಿರಿಟ್, ನಾರುವ ಸ್ಪಿರಿಟ್. ಆ ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ಮನಸ್ಸು ಸತ್ತವರ ಕಡೆಗೆ ಹೋಗುತ್ತದೆ. ಜಪಾನಿ ಮೂಲದಲ್ಲಿ ಮಾಟಗಾತಿ ಯುಬಾಬಾ ಹೇಳುವುದು ಬೇರೆ. ಇದು ಮನುಷ್ಯರು ಬರುವ ಜಾಗವಲ್ಲ, ಎಂಬತ್ತು ಲಕ್ಷ ದೇವರುಗಳು ದಣಿವಾರಿಸಿಕೊಳ್ಳಲು ಬರುವ ಸ್ನಾನದ ಮನೆ ಎನ್ನುತ್ತಾಳೆ. ಅವಳ ಬಾಯಲ್ಲಿರುವ ಪದ 'ಕಾಮಿ', ಅಂದರೆ ದೇವರು. ಎಂಬತ್ತು ಲಕ್ಷ ಅನ್ನುವುದೂ ಎಣಿಸಿ ಹೇಳಿದ ಲೆಕ್ಕವಲ್ಲ, ನಮ್ಮ ಮುಕ್ಕೋಟಿ ದೇವತೆಗಳ ಹಾಗೆ ಲೆಕ್ಕಕ್ಕೆ ಸಿಗದಷ್ಟು ಎಂಬ ಮಾತು.

ತುಳುನಾಡಿನ ಭೂತಗಳು ಇಂಗ್ಲಿಷ್ ಪುಸ್ತಕಗಳಲ್ಲಿ 'ಡೆವಿಲ್'ಗಳಾದ ಕಥೆ ಗೊತ್ತಿರುವವರಿಗೆ ಇಲ್ಲಿ ಏನಾಗಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕಾಮಿಯನ್ನು ದೇವರು ಎಂದು ಓದಿಕೊಂಡರೆ ಚಿತ್ರದ ಅರ್ಧ ಗೊಂದಲ ಕಳೆಯುತ್ತದೆ. ಚಿತ್ರದಲ್ಲಿ ರಾತ್ರಿ ದೋಣಿಯಿಂದ ಇಳಿಯುವವರು ಹೆದರಿಸಲು ಬಂದವರಲ್ಲ. ಅವರು ಗಿರಾಕಿಗಳು, ದುಡ್ಡು ಕೊಟ್ಟು ಬಿಸಿನೀರಿಗೆ ಬಂದವರು. ಅಲ್ಲಿ ಇರಬಾರದವಳು ಚಿತ್ರದ ನಾಯಕಿ, ಮನುಷ್ಯರ ಹುಡುಗಿ ಚಿಹಿರೊ ಒಬ್ಬಳೇ.

ದೇವರಿಗೆ ನೀರು ಕಾಯಿಸುವ ಊರು

ದೇವರುಗಳನ್ನು ಸ್ನಾನಕ್ಕೆ ಕರೆಯುವ ಕಲ್ಪನೆ ಮಿಯಾಝಾಕಿಯವರ ತಲೆಯಲ್ಲಿ ಹುಟ್ಟಿದ್ದಲ್ಲ. ನಾಗಾನೊ ಪ್ರಾಂತದ ಈಡಾ ಪಟ್ಟಣಕ್ಕೆ ಸೇರಿದ ತೊಯಾಮಾ ಕಣಿವೆಯಲ್ಲಿ ಪ್ರತಿ ಡಿಸೆಂಬರ್‌ನಲ್ಲಿ 'ಶಿಮೊತ್ಸುಕಿ' ಹಬ್ಬ ನಡೆಯುತ್ತದೆ. ಶಿಮೊತ್ಸುಕಿ ಅಂದರೆ ಹಿಮ ಬೀಳುವ ತಿಂಗಳು, ಹಳೆಯ ಪಂಚಾಂಗದ ಹನ್ನೊಂದನೆಯದು. ಹಗಲು ತೀರ ಕುಗ್ಗಿ ಸೂರ್ಯನಿಗೇ ಸುಸ್ತಾದಂತೆ ಕಾಣುವ ಕಾಲ. ಗುಡಿಯ ಒಳಗೇ ಮಣ್ಣಿನ ಒಲೆ ಕಟ್ಟಿ, ಮೇಲೆ ದೊಡ್ಡ ಕೊಪ್ಪರಿಗೆ ಇಟ್ಟು, ನೀರು ಕುದಿಸುತ್ತಾರೆ. ಒಲೆಯ ಮೇಲ್ಗಡೆ ಕತ್ತರಿಸಿದ ಬಿಳಿ ಕಾಗದದ ತೋರಣಗಳು ತೂಗುತ್ತವೆ. ದೇಶದ ಮೂಲೆಮೂಲೆಯ ದೇವರುಗಳ ಹೆಸರು ಓದಿ ಬರಮಾಡಿಕೊಂಡು ಅವರಿಗೆ ಆ ಬಿಸಿನೀರನ್ನು ಒಪ್ಪಿಸುತ್ತಾರೆ. ರಾತ್ರಿಯಿಡೀ ಇದೇ ನಡೆಯುತ್ತದೆ. ಕಡೆಕಡೆಗೆ ಮುಖವಾಡ ತೊಟ್ಟವರು ಬಂದು ಕುದಿಯುವ ನೀರನ್ನು ಬರಿಗೈಯಲ್ಲಿ ಬಾಚಿ ಸುತ್ತಲಿನವರ ಮೇಲೆ ಎರಚುತ್ತಾರೆ. ಆ ನೀರು ತಗುಲಿದವರಿಗೆ ವರ್ಷದ ಕೊಳೆ ಕಳೆದು ಹೊಸ ಜೀವ ಬರುತ್ತದೆಂಬ ನಂಬಿಕೆ.

ಈ ಹಬ್ಬದಿಂದಲೇ ತಮಗೆ ಹೊಳೆಯಿತೆಂದು ಮಿಯಾಝಾಕಿ ಹೇಳಿದ್ದಾರೆ. ಅವರು ಅದರ ಮೇಲೆ ಹೊಟೇಲಿನಂಥ ಒಂದು ಕಟ್ಟಡ ಎಬ್ಬಿಸಿ, ಒಳಗೆ ಲಿಫ್ಟು, ಬಾಯ್ಲರ್ ಕೋಣೆ, ಹಾಜರಿ ಫಲಕ, ಸಿಡುಕುವ ಮೇಸ್ತ್ರಿ ಎಲ್ಲರನ್ನೂ ತುಂಬಿದರು. ನಂಬಿಕೆಯ ಬುಡ ಮಾತ್ರ ಹಾಗೇ ಉಳಿಯಿತು: ದೇವರುಗಳೂ ದಣಿಯುತ್ತಾರೆ, ದೇವರುಗಳಿಗೂ ಕೊಳೆ ಹತ್ತುತ್ತದೆ.

ತಿಂದರೆ ಅಲ್ಲಿಯವರು

ಚಿತ್ರದ ನಿಯಮಗಳು ಮೊದಲ ಸಲ ನೋಡಿದವರಿಗೆ ಮನಸ್ಸಿಗೆ ಬಂದಂತೆ ಹಾಕಿದಂತಿರುತ್ತವೆ. ಚಿಹಿರೊಳ ಅಪ್ಪ ಅಮ್ಮ ಅಲ್ಲಿ ಇಟ್ಟಿದ್ದನ್ನು ತಿಂದು ಹಂದಿಗಳಾದರು. ಅದೇ ಚಿಹಿರೊಗೆ ಹಾಕು ಎಂಬ ಹುಡುಗ ಒತ್ತಾಯ ಮಾಡಿ ಏನೋ ತಿನ್ನಿಸುತ್ತಾನೆ, ತಿನ್ನದಿದ್ದರೆ ಮಾಯವಾಗಿಬಿಡುತ್ತೀಯ ಎನ್ನುತ್ತಾನೆ. ಹಾಗಾದರೆ ತಿನ್ನಬೇಕೋ ತಿನ್ನಬಾರದೋ?

ಇದಕ್ಕೆ ಉತ್ತರ 712ರ 'ಕೊಜಿಕಿ'ಯಲ್ಲಿದೆ, ಜಪಾನಿನಲ್ಲಿ ಉಳಿದಿರುವ ಅತಿ ಹಳೆಯ ಪುರಾಣ ಸಂಕಲನದಲ್ಲಿ. ದ್ವೀಪಗಳನ್ನು ಹೆತ್ತ ದೇವಿ ಇಜಾನಾಮಿ ಬೆಂಕಿಯ ದೇವರನ್ನು ಹಡೆಯುವಾಗ ಸುಟ್ಟು ಸಾಯುತ್ತಾಳೆ. ಗಂಡ ಇಜಾನಾಗಿ ಅವಳನ್ನು ಕರೆತರಲು ಸತ್ತವರ ನಾಡಾದ ಯೊಮಿಗೆ ಹೋಗುತ್ತಾನೆ. ಅವಳು ಹೇಳುತ್ತಾಳೆ: ತಡವಾಗಿ ಬಂದೆ, ನಾನು ಆಗಲೇ ಇಲ್ಲಿಯ ಒಲೆಯಲ್ಲಿ ಬೆಂದದ್ದನ್ನು ಉಂಡುಬಿಟ್ಟೆ. ಆದರೂ ಇಲ್ಲಿಯ ದೇವರುಗಳನ್ನು ಕೇಳಿ ನೋಡುತ್ತೇನೆ, ಅಲ್ಲಿಯವರೆಗೆ ನನ್ನನ್ನು ನೋಡಬೇಡ. ಕಾದು ಕಾದು ಸಾಕಾದ ಗಂಡ ತಲೆಯ ಬಾಚಣಿಗೆಯ ಹಲ್ಲೊಂದನ್ನು ಮುರಿದು ದೀಪ ಮಾಡಿ ನೋಡುತ್ತಾನೆ. ಹುಳ ಹರಿಯುವ ಹೆಣ ಕಾಣುತ್ತದೆ. ಓಡಿ ಬಂದು, ಬಂಡೆ ಉರುಳಿಸಿ ದಾರಿ ಮುಚ್ಚುತ್ತಾನೆ. ಆಮೇಲೆ, ಹೊಲಸು ನಾಡಿಗೆ ಹೋಗಿ ಬಂದೆನಲ್ಲ ಎಂದು ಹೊಳೆಯ ನೀರಿನಲ್ಲಿ ಮೈ ತೊಳೆಯುತ್ತಾನೆ. ಹಾಗೆ ತೊಳೆದಾಗ ಎಡಗಣ್ಣಿನಿಂದ ಸೂರ್ಯದೇವಿ ಅಮಾತೆರಾಸು, ಬಲಗಣ್ಣಿನಿಂದ ಚಂದ್ರ ತ್ಸುಕುಯೊಮಿ, ಮೂಗಿನಿಂದ ಸುಸಾನೊಒ ಹುಟ್ಟುತ್ತಾರೆ.

ಚಿತ್ರವನ್ನು ಇದರ ಪಕ್ಕ ಇಟ್ಟು ನೋಡಿ. ಅನ್ನ, ನೋಡಬಾರದೆಂಬ ಮಾತು, ಸ್ನಾನ, ಮೂರೂ ಇದೊಂದೇ ಕಥೆಯಲ್ಲಿವೆ. ಯಾವ ಲೋಕದ ಅನ್ನ ಹೊಟ್ಟೆಗೆ ಹೋಯಿತೋ ಮೈ ಆ ಲೋಕಕ್ಕೆ ಸೇರುತ್ತದೆ ಎಂಬುದು ನಿಯಮ. ಇಜಾನಾಮಿಗೆ ಅದು ಬೇಡಿಯಾಯಿತು. ಅಲ್ಲಿಯ ಕಾಳೊಂದೂ ಒಳಗಿಲ್ಲದ ಚಿಹಿರೊಗೆ ಅಲ್ಲಿ ನಿಲ್ಲಲು ಮೈಯೇ ಇಲ್ಲದಂತಾಗಿ ಕೈಕಾಲು ಪಾರದರ್ಶಕವಾಗತೊಡಗುತ್ತವೆ. ಹಾಕು ಕೊಟ್ಟದ್ದು ಒಂದೇ ಒಂದು ಸಣ್ಣ ಕೆಂಪು ಹಣ್ಣು, ಅಲ್ಲಿ ಕಾಲೂರುವುದಕ್ಕೆ ಬೇಕಾದಷ್ಟೇ. ಕೊನೆಯಲ್ಲಿ ಸುರಂಗ ದಾಟುವವರೆಗೆ ತಿರುಗಿ ನೋಡಬೇಡ ಎಂದು ಅವನು ಹೇಳುವಾಗ ಜಪಾನಿ ಪ್ರೇಕ್ಷಕರಿಗೆ ಆ ಬಾಚಣಿಗೆಯ ಹಲ್ಲು ನೆನಪಾದರೆ ಆಶ್ಚರ್ಯವಿಲ್ಲ. ಚಿಹಿರೊ ಮಾತ್ರ ತಿರುಗುವುದಿಲ್ಲ.

ಇನ್ನು ಅಪ್ಪ ಅಮ್ಮನ ತಪ್ಪು ಹೊಟ್ಟೆಬಾಕತನ ಅಷ್ಟೇ ಅಲ್ಲ. ಗಿರಾಕಿಗಳಿಗೆಂದು ಇಟ್ಟಿದ್ದನ್ನು ಹಂದಿಗಳ ಹಾಗೆ ತಿಂದರು, ಅದಕ್ಕೆ ತಕ್ಕ ಶಾಸ್ತಿ ಆಯಿತು ಎನ್ನುತ್ತಾಳೆ ಯುಬಾಬಾ. ಗಿರಾಕಿಗಳು ಯಾರು? ದೇವರುಗಳು. ಜಪಾನಿನ ಶಿಂತೊ ಧರ್ಮದ ಪದ್ಧತಿಯಲ್ಲಿ ಮೊದಲು ದೇವರಿಗೆ ಒಪ್ಪಿಸಿ, ಇಳಿಸಿದ ಮೇಲೆ ಸೇರಿದವರು ಹಂಚಿಕೊಂಡು ಉಣ್ಣುವುದಕ್ಕೆ 'ನಾಒರಾಯ್' ಎಂದು ಹೆಸರು. ಇವರು ಒಪ್ಪಿಸುವ ಮುಂಚೆಯೇ ಕೈ ಹಾಕಿದರು. ನೈವೇದ್ಯ ಆಗುವ ಮೊದಲು ಅಡುಗೆಮನೆಯಲ್ಲಿ ಕೈ ಹಾಕಿ ಏಟು ತಿಂದು ಬೆಳೆದ ನಮಗೆ ಈ ತರ್ಕ ಬೇಗ ಹಿಡಿಯುತ್ತದೆ. ಅಪ್ಪ ಮಾತ್ರ ಕ್ರೆಡಿಟ್ ಕಾರ್ಡ್ ಇದೆ, ಆಮೇಲೆ ದುಡ್ಡು ಕೊಟ್ಟರಾಯಿತು ಎಂದುಕೊಂಡಿದ್ದ.

ಕೊಳೆತ ದೇವರ ಸ್ನಾನ

ಇಡೀ ಚಿತ್ರದಲ್ಲಿ ನಿಧಾನವಾಗಿ ನೋಡಬೇಕಾದ ದೃಶ್ಯ ಇದು. ಮಳೆಯ ರಾತ್ರಿ, ಸೇತುವೆಯ ಮೇಲೆ ಕೆಸರಿನ ಗುಡ್ಡದಂಥದ್ದೊಂದು ತೆವಳಿ ಬರುತ್ತದೆ. ಕೆಲಸದವರು ಅದನ್ನು 'ಒಕುಸಾರೆ-ಸಾಮಾ' ಎನ್ನುತ್ತಾರೆ. ಕೊಳೆತದ್ದು ಎಂಬ ಪದಕ್ಕೆ ಮುಂದೊಂದು ಗೌರವ, ಹಿಂದೊಂದು ಗೌರವ: 'ಶ್ರೀ ಕೊಳೆತಪ್ಪನವರು' ಅಂದ ಹಾಗೆ. ಮೂಗು ಮುಚ್ಚಿಕೊಂಡೇ ಬಹುವಚನ ಬಳಸುವ ಈ ಹಾಸ್ಯ ಇಂಗ್ಲಿಷಿನಲ್ಲಿ ಪೂರ್ತಿ ಸೋರಿಹೋಗಿದೆ. ಅದು ಹಾದುಹೋದಾಗ ಅಲ್ಲಿ ಕೆಲಸ ಮಾಡುವ ಲಿನ್ ಕೈಯಲ್ಲಿದ್ದ ಅನ್ನ ಕೆಟ್ಟುಹೋಗುತ್ತದೆ. ಅದು ಕೊಟ್ಟ ದುಡ್ಡೂ ಕೆಸರಿನ ಮುದ್ದೆ. ಯುಬಾಬಾ ಆ ಗಿರಾಕಿಯನ್ನು ಚಿಹಿರೊ ತಲೆಗೆ ಕಟ್ಟುತ್ತಾಳೆ. ಆ ಹೊತ್ತಿಗೆ ಚಿಹಿರೊ ಅಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಅವಳ ಹೆಸರು 'ಸೆನ್' ಆಗಿದೆ.

ಇಲ್ಲಿ ತಿಳಿದಿರಬೇಕಾದ ಪದ 'ಕೆಗರೆ'. ನಮ್ಮ ಮೈಲಿಗೆ, ಸೂತಕಗಳಿಗೆ ತೀರ ಹತ್ತಿರದ್ದು. ಸಾವು, ಹೆರಿಗೆ, ರಕ್ತ ಇವುಗಳಿಂದ ಅಂಟುತ್ತದೆ. ಗಮನಿಸಬೇಕಾದ್ದು ಆ 'ಅಂಟುತ್ತದೆ' ಎಂಬುದನ್ನೇ. ಅದು ಮಾಡಿದ ಪಾಪದ ಫಲವೇ ಆಗಬೇಕಿಲ್ಲ, ಒಳಗಿನ ಗುಣವೂ ಅಲ್ಲ. ಹೊರಗಿಂದ ಹತ್ತಿದ್ದು, ಆದ್ದರಿಂದ ನೀರಿನಿಂದ ಹೋಗುವಂಥದ್ದು. ನೀರಿನಲ್ಲಿ ತೊಳೆದು ಕಳೆಯುವ ಕ್ರಮಕ್ಕೆ 'ಮಿಸೊಗಿ' ಎನ್ನುತ್ತಾರೆ, ಅದನ್ನು ಮೊದಲು ಮಾಡಿದವನು ಯೊಮಿಯಿಂದ ಓಡಿ ಬಂದ ಆ ಇಜಾನಾಗಿ.

ಸ್ನಾನದ ಮನೆಯವರು ಎಡವಿದ್ದು ಇಲ್ಲೇ. ಅಂಟಿದ್ದನ್ನೇ ಅವರು ಆ ದೇವರ ಹುಟ್ಟುಗುಣ ಎಂದುಕೊಂಡರು. ಸೆನ್ ಕೆಲಸ ಮಾಡುವ ಕ್ರಮ ನೋಡಿ. ಗಿಡಮೂಲಿಕೆಯ ಬಿಸಿನೀರು ಬೇಕೆಂದರೆ ಮರದ ಬಿಲ್ಲೆ ಬೇಕು, ಮೇಸ್ತ್ರಿ ಕೊಡಲಿಲ್ಲ, ಮುಖವಿಲ್ಲದ ಅತಿಥಿಯೊಬ್ಬ ಕದ್ದು ತಂದುಕೊಟ್ಟದ್ದು ಈಗ ಉಪಯೋಗಕ್ಕೆ ಬರುತ್ತದೆ. ಬಿಲ್ಲೆ ಕೆಳಗೆ ಬಾಯ್ಲರ್ ನೋಡಿಕೊಳ್ಳುವ ಕಮಾಜಿಗೆ ಹೋಗುತ್ತದೆ, ಮೇಲಿಂದ ನೀರು ಸುರಿಯುತ್ತದೆ. ಸುರಿದಷ್ಟೂ ಕೆಸರು ಉಕ್ಕುತ್ತದೆಯೇ ಹೊರತು ಮುಗಿಯುವುದಿಲ್ಲ. ತೊಳೆದರೂ ಹೋಗದ ಕೊಳೆ ಎಂದರೆ ಒಳಗೆಲ್ಲೋ ಅದರ ಬೇರು ಸಿಕ್ಕಿಕೊಂಡಿದೆ ಎಂದರ್ಥ. ಕೆಸರಿನಲ್ಲಿ ಕೈಯಾಡಿಸುವಾಗ ಸೆನ್‌ಗೆ ಏನೋ ತಗಲುತ್ತದೆ. ಇಲ್ಲಿ ಮುಳ್ಳಿನಂಥದ್ದು ಚುಚ್ಚಿಕೊಂಡಿದೆ ಎನ್ನುತ್ತಾಳೆ. ಯುಬಾಬಾ ಚುರುಕಿನವಳು, ಆ ಒಂದು ಮಾತಿಗೇ ಅವಳಿಗೆ ವಿಷಯ ತಿಳಿಯಿತು. ಮುಳ್ಳಿದೆ ಎಂದರೆ ಗಾಯ. ಗಾಯ ಎಂದರೆ ಇದು ಕೊಳೆತ ದೇವರಲ್ಲ, ಏನೋ ಆದ ದೇವರು. ಹಗ್ಗ ತರಿಸುತ್ತಾಳೆ, ಮನೆಯವರೆಲ್ಲ ಸೇರಿ ಎಳೆಯುತ್ತಾರೆ. ಮುಳ್ಳು ಅಂದದ್ದು ಒಂದು ಸೈಕಲ್ಲಿನ ಹ್ಯಾಂಡಲ್. ಅದರ ಹಿಂದೆಯೇ ಗಾಡಿಗಟ್ಟಲೆ ಕಸ ಬೀಳುತ್ತದೆ.

ಮಿಯಾಝಾಕಿ ತಮ್ಮ ಮನೆಯ ಹತ್ತಿರದ ಹೊಳೆ ಸ್ವಚ್ಛ ಮಾಡುವ ಕೆಲಸಕ್ಕೆ ಹೋಗಿದ್ದಾಗ ನಿಜಕ್ಕೂ ಕೆಸರಿನಿಂದ ಸೈಕಲ್ ಎಳೆದದ್ದುಂಟು, ಹಗ್ಗ ಕಟ್ಟಿ ಎಳೆಯುವುದು ಅಲ್ಲಿಂದ ಬಂದದ್ದು. ಕಸ ಹೋದ ಮೇಲೆ ಕಾಣುವ ಮುಖ ಮಾತ್ರ ಹಳೆಯದು. ಬೊಕ್ಕ ತಲೆ, ನಗುವ ಕಣ್ಣು, ಮರದ ಮುಖವಾಡದ ಹಾಗಿರುವ ಮುದುಕ. ಜಪಾನಿನ ಹಳೆಯ ಮುಖವಾಡದ ನಾಟಕ ನೋ ರಂಗಭೂಮಿಯಲ್ಲಿ 'ಒಕಿನಾ' ಎಂಬ ಮುದುಕನ ವೇಷವಿದೆ, ಆಟಕ್ಕಿಂತ ಹೆಚ್ಚಾಗಿ ಪೂಜೆ ಎನ್ನಬೇಕಾದ್ದು. ನಾಡಿಗೆ ನೆಮ್ಮದಿ, ಹೊಲಕ್ಕೆ ಬೆಳೆ ಬೇಡಲು ಕುಣಿಯುತ್ತಾರೆ. ಆ ಮುಖವಾಡದ ಕೆಳದವಡೆ ಬೇರೆಯೇ ತುಂಡು, ದಾರದಲ್ಲಿ ಕಟ್ಟಿರುತ್ತಾರೆ. ಅದನ್ನೇ ನೆನಪಿಸುವ ಮುಖ ನೀರಿನಿಂದ ಮೇಲೆದ್ದು "ಯೊಕಿ ಕಾನಾ" ಎನ್ನುತ್ತದೆ, ಹಳೆಗಾಲದ ಭಾಷೆಯಲ್ಲಿ "ಒಳಿತಾಯಿತು". ಆಮೇಲೆ ಹಾವಿನಂತೆ ಉದ್ದವಾದ ಬಿಳಿಯ ಮೈ ಚಾಚಿ ಹಾರಿಹೋಗುತ್ತದೆ. ಹೊಳೆಯ ದೇವರನ್ನು ಹಾವಾಗಿ, ಡ್ರ್ಯಾಗನ್ ಆಗಿ ಕಾಣುವುದು ಜಪಾನಿನಲ್ಲಿ ಬಲು ಹಳೆಯದು. ಮೇಲಿಂದ ನೋಡಿದರೆ ಹೊಳೆ ಹಾಗೇ ಕಾಣುತ್ತದಲ್ಲ. ನೆಲದ ಮೇಲೆ ಉಳಿದದ್ದು ಚಿನ್ನದ ಪುಡಿ. ಅದೂ ಲೆಕ್ಕವಿಲ್ಲದೆ ಬಂದ ಮಾಯದ ಚಿನ್ನವಲ್ಲ, ಹೊಳೆಯ ಮರಳಿನಲ್ಲಿ ಸಿಗುವ ಹುಡಿಚಿನ್ನ. ಹೊಳೆ ತನ್ನ ಬಳಿ ಇದ್ದದ್ದನ್ನೇ ಕೊಟ್ಟುಹೋಗಿದೆ.

ಆ ದೇವರು ಸೆನ್ ಕೈಯಲ್ಲಿ ಬಿಟ್ಟುಹೋದ ಕಹಿ ಉಂಡೆಗೆ ಜನಪದದಲ್ಲಿ ಆಧಾರ ಹುಡುಕುವುದು ಬೇಡ, ಅದು ಚಿತ್ರದ್ದೇ. ಆದರೆ ಕೆಲಸ ಮಾಡುವುದು ಅದೇ ತರ್ಕದಲ್ಲಿ: ಒಳಗೆ ಸೇರಿದ್ದನ್ನು ವಾಂತಿ ಮಾಡಿಸುತ್ತದೆ. ಅದರ ಅರ್ಧ ತಿಂದ ಹಾಕು, ತಾನು ಯುಬಾಬಾಳ ಅಕ್ಕನಿಂದ ಕದ್ದಿದ್ದ ಮುದ್ರೆಯನ್ನೂ ಅದಕ್ಕೆ ಅಂಟಿದ್ದ ಕಪ್ಪು ಹುಳವನ್ನೂ ಕಕ್ಕುತ್ತಾನೆ. ಆ ಹುಳವನ್ನು ಸೆನ್ ತುಳಿದಾಗ ಕಮಾಜಿ "ಎಂಗಾಚೊ! ಎಂಗಾಚೊ!" ಎಂದು ಕೂಗುತ್ತಾನೆ. ಅವಳು ಎರಡೂ ಕೈಯ ಹೆಬ್ಬೆರಳು ತೋರುಬೆರಳು ಜೋಡಿಸಿ ಉಂಗುರ ಮಾಡುತ್ತಾಳೆ, ಅವನು ಅಂಗೈ ಅಂಚಿನಿಂದ ಅದನ್ನು ಕಡಿದು "ಕಿತ್ತಾ" ಎನ್ನುತ್ತಾನೆ, ಕತ್ತರಿಸಿದೆ ಅಂತ. ಇದು ಜಪಾನಿ ಮಕ್ಕಳ ಆಟ. ಹೊಲಸು ತುಳಿದವನನ್ನು ಮುಟ್ಟಿದರೆ ತಮಗೂ ಹತ್ತೀತೆಂದು ನಂಟು ಕಡಿದುಕೊಳ್ಳುವ ಉಪಾಯ. ಗೊತ್ತಿಲ್ಲದವರಿಗೆ ಮಂತ್ರದಂತೆ ಕಾಣುತ್ತದೆ, ಗೊತ್ತಿರುವವರು ಅಲ್ಲಿ ಕಿಸಕ್ಕನೆ ನಗುತ್ತಾರೆ.

ಸಾವಿರ ಮಾರು

ಕೆಲಸಕ್ಕೆ ಸೇರಿದವರ ಹೆಸರನ್ನು ಯುಬಾಬಾ ಕದಿಯುವುದನ್ನು ಅರ್ಥ ಮಾಡಿಕೊಳ್ಳಲು ಅಕ್ಷರ ನೋಡಬೇಕು. 'ಚಿಹಿರೊ' ಎಂದು ಬರೆಯಲು ಎರಡು ಚಿತ್ರಾಕ್ಷರಗಳು ಬೇಕು. ಮೊದಲನೆಯದು ಸಾವಿರ. ಎರಡನೆಯದು 'ಹಿರೊ', ಎರಡೂ ತೋಳು ಚಾಚಿದಷ್ಟು ಉದ್ದದ ಅಳತೆ, ನೀರಿನ ಆಳ ಹೇಳಲು ಬಳಸುತ್ತಿದ್ದದ್ದು. ಕನ್ನಡದಲ್ಲಿ ಇದಕ್ಕೆ ಹೆಚ್ಚುಕಡಿಮೆಯಿಲ್ಲದ ಪದವಿದೆ: ಮಾರು. ಹುಡುಗಿಯ ಹೆಸರು 'ಸಾವಿರ ಮಾರು' ಆಳದ್ದು. ಒಪ್ಪಂದದ ಕಾಗದದಿಂದ ಯುಬಾಬಾ ಉಳಿದ ಅಕ್ಷರಗಳನ್ನು ಎತ್ತಿಕೊಂಡು ಸಾವಿರ ಎಂಬ ಒಂದನ್ನಷ್ಟೇ ಬಿಡುತ್ತಾಳೆ. ಒಂಟಿಯಾಗಿ ನಿಂತಾಗ ಆ ಅಕ್ಷರದ ಓದು 'ಚಿ' ಅಲ್ಲ, 'ಸೆನ್'. ಆಳ ಹೋಯಿತು, ಸಂಖ್ಯೆ ಉಳಿಯಿತು. ನಿಜವಾದ ಹೆಸರು ಬಲ್ಲವನಿಗೆ ಆ ಹೆಸರಿನವರ ಮೇಲೆ ಹಿಡಿತ ಸಿಗುತ್ತದೆ, ಆದ್ದರಿಂದ ದೊಡ್ಡವರ ನಿಜ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂಬ ನಡೆ ಜಪಾನಿನಲ್ಲಿ ಹಿಂದಿನಿಂದ ಇತ್ತು. ಗಂಡನ ಹೆಸರು ಹೇಳದ ಅಜ್ಜಿಯಂದಿರನ್ನು ಕಂಡವರಿಗೆ ಇದೇನು ಹೊಸತಲ್ಲ.

ಹಾಕುವಿನ ಪೂರ್ತಿ ಹೆಸರು 'ನಿಗಿಹಾಯಾಮಿ ಕೊಹಾಕುನುಶಿ'. ಮೊದಲ ಭಾಗ ಕೊಜಿಕಿಯ ದೇವರೊಬ್ಬನ ಹೆಸರಿನ ಧಾಟಿಯಲ್ಲಿದೆ. ಕಡೆಯ 'ನುಶಿ' ಮುಖ್ಯ. ಒಂದು ಕೆರೆಗೆ, ಮಡುವಿಗೆ, ಕಾಡಿಗೆ ಒಡೆಯನಾಗಿ ಅಲ್ಲೇ ನೆಲೆಸಿದವನು ನುಶಿ. ಹಳ್ಳಿಯ ಕಥೆಗಳಲ್ಲಿ ಅವನು ಭಾರೀ ಮೀನಾಗಿಯೋ ಹಾವಾಗಿಯೋ ಇರುತ್ತಾನೆ. ಅಂದರೆ ಹಾಕು ಕೊಹಾಕು ಹೊಳೆಯ ಒಡೆಯ, ಮತ್ತು ಆ ಹೊಳೆಯನ್ನು ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಕಾಮಿ ಒಂದು ಜಾಗಕ್ಕೆ ಅಂಟಿಕೊಂಡಿರುವವನು. ಜಾಗವೇ ಹೋದರೆ ಕರೆಯುವವರಿಲ್ಲ, ಹೆಸರು ಮರೆಯುತ್ತದೆ, ಕಂಡವರ ಮನೆಯಲ್ಲಿ ದುಡಿಯುವುದೇ ಉಳಿಯುತ್ತದೆ. ಇಂದಿಗೂ ಜಪಾನಿನಲ್ಲಿ ಬಾವಿ ಮುಚ್ಚುವ ಮುಂಚೆ ಪುರೋಹಿತರನ್ನು ಕರೆಸಿ ಶುದ್ಧಿ ಮಾಡಿಸುವವರಿದ್ದಾರೆ. ಮಣ್ಣು ತುಂಬುವಾಗ ಟೊಳ್ಳು ಬಿದಿರನ್ನೋ ಪೈಪನ್ನೋ ನೆಟ್ಟು ಮೇಲಕ್ಕೆ ತುದಿ ಬಿಡುತ್ತಾರೆ, ನೀರಿನ ದೇವರು ಉಸಿರಾಡಲಿ ಎಂದು. ಒಂದು ಬಾವಿಗೆ ಇಷ್ಟು. ಹಾಕುವಿನ ಹೊಳೆಗೆ ಯಾರೂ ಪೈಪು ನೆಟ್ಟಂತಿಲ್ಲ.

ಯಾರು ನಿಜ, ಯಾರು ಕಲ್ಪನೆ

ಅಂತರ್ಜಾಲದ ಪಟ್ಟಿಗಳಲ್ಲಿ ಚಿತ್ರದ ಪ್ರತಿ ಪಾತ್ರಕ್ಕೂ ಒಂದು ಪುರಾಣ ಅಂಟಿಸುವ ಚಟವಿದೆ. ಅದನ್ನು ನಂಬಬಾರದು. ದೋಣಿಯಿಂದ ಇಳಿಯುವಾಗ ಮೊದಲು ಬರೀ ಕಾಗದದ ಮುಖ, ಆಮೇಲೆ ಕೆಂಪು ನಿಲುವಂಗಿ ಮೂಡುವ 'ಕಾಸುಗಾ-ಸಾಮಾ'ಗಳ ಬುಡ ಗಟ್ಟಿಯಾಗಿದೆ. ನಾರಾದ ಕಾಸುಗಾ ದೇವಾಲಯದ ಹೆಸರು ಅದು, ಹಳೆಯ ಆಸ್ಥಾನ ನೃತ್ಯದಲ್ಲಿ ಅಂಥ ಗೆರೆಗಳ ಚೌಕ ಮುಖವಾಡವನ್ನು ಕಟ್ಟಿಕೊಳ್ಳುತ್ತಾರೆ. ಲಿಫ್ಟಿನಲ್ಲಿ ಚಿಹಿರೊಳನ್ನು ಹೊಟ್ಟೆಯಿಂದ ಒತ್ತಿ ನಿಲ್ಲುವ ದಪ್ಪ ಬಿಳಿ ಮೂಲಂಗಿಯದು ಬೇರೆ ಕಥೆ. ಅದರ ಹೆಸರು 'ಓಶಿರಾ-ಸಾಮಾ'. ಆ ಹೆಸರಿನ ದೇವರು ಜಪಾನಿನ ಈಶಾನ್ಯದ ಇವಾತೆ, ಆಓಮೊರಿ ಕಡೆ ನಿಜಕ್ಕೂ ಇದ್ದಾನೆ, ಮೂಲಂಗಿಗೂ ಅವನಿಗೂ ಮಾತ್ರ ಸಂಬಂಧವಿಲ್ಲ. ಅಲ್ಲಿ ಅದು ಹಿಪ್ಪುನೇರಳೆ ಮರದ ಜೋಡಿ ಕೋಲು, ಸುಮಾರು ಒಂದು ಅಡಿ ಉದ್ದದ್ದು. ಒಂದರ ತುದಿಯಲ್ಲಿ ಕುದುರೆಯ ತಲೆ, ಇನ್ನೊಂದರಲ್ಲಿ ಹುಡುಗಿಯ ತಲೆ. ವರ್ಷವರ್ಷವೂ ಹಳೆಯ ಬಟ್ಟೆ ತೆಗೆಯದೆ ಅದರ ಮೇಲೇ ಹೊಸದು ತೊಡಿಸುತ್ತ ಹೋಗುತ್ತಾರೆ.

1910ರಲ್ಲಿ ಯಾನಾಗಿತಾ ಕುನಿಒ ಪ್ರಕಟಿಸಿದ ತೋನೊ ಊರಿನ ಕಥೆಗಳಲ್ಲಿ ಇದರ ಮೂಲವಿದೆ. ರೈತನ ಮಗಳು ಮನೆಯ ಕುದುರೆಯನ್ನು ಮೆಚ್ಚಿ ಗಂಡನೆಂದು ಬಗೆದಳು. ಸಿಟ್ಟಿಗೆದ್ದ ಅಪ್ಪ ಕುದುರೆಯನ್ನು ಹಿಪ್ಪುನೇರಳೆ ಮರಕ್ಕೆ ನೇತುಹಾಕಿ ಕೊಂದ. ಮಗಳು ಅದರ ಕೊರಳಿಗೆ ಆತು ಅಳುತ್ತಿರಲು ಅವನು ತಲೆಯನ್ನು ಕಡಿದ. ಅವಳು ಆ ತಲೆಯ ಜೊತೆಗೇ ಆಕಾಶಕ್ಕೆ ಹಾರಿದಳು. ಆ ಮರದ ಕೊಂಬೆಯಿಂದ ಕೆತ್ತಿದ ಮೂರ್ತಿಯೇ ಓಶಿರಾ. ರೇಷ್ಮೆ ಹುಳು ಸಾಕುವ ಮನೆಗಳ ದೇವರು ಅದು. ಇಷ್ಟು ಕಡುಬಣ್ಣದ ಕಥೆಯ ಹೆಸರನ್ನು ಎತ್ತಿ, ಮಾತಾಡದೆ ಪಕ್ಕದಲ್ಲಿ ನಿಲ್ಲುವ ಮೂಲಂಗಿಗೆ ಇಟ್ಟದ್ದು ಯಾಕೆಂದು ಊಹಿಸುತ್ತ ಕೂರಬಹುದು. 'ಶಿರೊ' ಅಂದರೆ ಬಿಳಿ, ಆ ಸದ್ದೇ ಸಾಕಾಗಿರಬಹುದು ಎಂಬುದು ಈ ಬರಹದ ಊಹೆ.

ಕಡೆಯದಾಗಿ ಎಲ್ಲರ ಟೀ ಶರ್ಟಿನ ಮೇಲಿರುವವನು, ಕಾಒನಾಶಿ. ಆ ಪದಕ್ಕೆ ಮುಖವಿಲ್ಲದವನು ಎಂದಷ್ಟೇ ಅರ್ಥ. ಅವನ ಹಿಂದೆ ಯಾವ ನಂಬಿಕೆಯೂ ಇಲ್ಲ. ಮೋರೆ ಸವರಿದರೆ ನುಣ್ಣಗೆ ಮೊಟ್ಟೆಯಂತಾಗಿ ದಾರಿಹೋಕರನ್ನು ಹೆದರಿಸುವ 'ನೊಪ್ಪೆರಾಬೊ' ಎಂಬ ಭೂತದ ಜೊತೆ ಅವನನ್ನು ಗಂಟು ಹಾಕುವವರಿದ್ದಾರೆ, ಹೊಂದುವುದಿಲ್ಲ: ಇವನಿಗೆ ಮುಖವಾಡವಿದೆ, ಹೆದರಿಸುವ ಆಸೆಯೂ ಇವನದಲ್ಲ. ಎಂಬತ್ತು ಲಕ್ಷದಲ್ಲಿ ಅವನು ಬರುವುದಿಲ್ಲ. ಗುಡಿಯಿಲ್ಲ, ಹೊಳೆಯಿಲ್ಲ, ಬೆಟ್ಟವಿಲ್ಲ, ಸ್ವಂತ ದನಿಯೂ ಇಲ್ಲ, ನುಂಗಿದ ಕಪ್ಪೆಯ ದನಿಯಲ್ಲಿ ಮಾತಾಡುತ್ತಾನೆ. ಹೊಳೆಯ ದೇವರು ಬಿಟ್ಟುಹೋದ ಚಿನ್ನಕ್ಕೆ ಜನ ಮುಗಿಬಿದ್ದದ್ದನ್ನು ನೋಡಿ ಅವನೂ ಅಂಗೈಯಿಂದ ಚಿನ್ನ ಉದುರಿಸಿದ, ಅದು ಆಮೇಲೆ ಬರೀ ಮಣ್ಣಾಯಿತು. ಸ್ನಾನದ ಮನೆಯಲ್ಲಿ ಅವನೊಬ್ಬನೇ ಸ್ನಾನದಿಂದ ಸರಿಹೋಗದ ಗಿರಾಕಿ. ಅವನನ್ನು ಕೊನೆಗೆ ಇಟ್ಟುಕೊಳ್ಳುವವಳು ಯುಬಾಬಾಳ ಅಕ್ಕ ಝೆನಿಬಾ, ಜೌಗು ನೆಲದ ನಡುವಿನ ಗುಡಿಸಲಿನಲ್ಲಿ, ನೂಲುವುದಕ್ಕೆ ಆಳೊಂದು ಬೇಕಾಗಿತ್ತೆಂದು.